ವಾರ್ಷಿಕೋತ್ಸವದ ಪ್ರಕಟಣೆ: ಪೆಟ್ಟಿಗೆಯೊಳಗೆ 50 ಪದವೋ, ಕಾರ್ಯಕ್ರಮ ಪಟ್ಟಿಯೋ?

ಪ್ರಶ್ನೆ: ಟೀಚರ್, ನಾನು ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿ. ಪರೀಕ್ಷೆಯಲ್ಲಿ ‘ಶಾಲಾ ವಾರ್ಷಿಕೋತ್ಸವದ ಬಗ್ಗೆ ಪ್ರಕಟಣೆ ತಯಾರಿಸಿರಿ’ ಅಂತ ಕೇಳ್ತಾರೆ. ನಮ್ಮಲ್ಲಿ ಸ್ವಾಗತ, ಉದ್ಘಾಟನೆ, ವಂದನಾರ್ಪಣೆ ಅಂತ ಪಟ್ಟಿ ಬರೆಸಿದ್ದಾರೆ. ಕೇಂದ್ರೀಯ ವಿದ್ಯಾಲಯದಲ್ಲಿ ಹನ್ನೆರಡನೇ ತರಗತಿಯಲ್ಲಿರುವ ಚಿಕ್ಕಮ್ಮನ ಮಗ ಅದು ತಪ್ಪು, ಪೆಟ್ಟಿಗೆ ಹಾಕಿ 50 ಪದದಲ್ಲಿ ಬರೀಬೇಕು ಅಂತಾನೆ. ಯಾವುದು ಸರಿ? ನಾನು ಎಲ್ಲಾ ಬರೆದರೂ ಅಂಕ ಕಡಿಮೆ ಬರ್ತದೆ. ಏನೇನು ಇರಬೇಕು ಅಂತ ಮಾದರಿ ಸಮೇತ ಹೇಳಿ.

ಉತ್ತರ: ಎರಡೂ ಸರಿ, ಆದರೆ ಅವು ಎರಡು ಬೇರೆ ಬೇರೆ ಕಾಗದಗಳು. ನಿಮ್ಮ ಅಣ್ಣ ಹೇಳುತ್ತಿರುವುದು ಶಾಲೆಯ ಸೂಚನಾ ಫಲಕದಲ್ಲಿ ಅಂಟಿಸುವ ಪ್ರಕಟಣೆ. ಅದನ್ನು ಓದುವವರು ಶಾಲೆಯ ಮಕ್ಕಳು. ನಿಮಗೆ ಶಾಲೆಯಲ್ಲಿ ಬರೆಸಿರುವುದು ಮನೆಮನೆಗೆ ಹೋಗುವ ನೋಟೀಸು. ಅದನ್ನು ಓದುವವರು ಹೆತ್ತವರು ಮತ್ತು ಊರವರು. ನಮ್ಮ ಕಾಸರಗೋಡಿನಲ್ಲಿ ಶಾಲೆಯ ವಾರ್ಷಿಕೋತ್ಸವವಿರಲಿ, ವಾಚನಾಲಯದ ಉದ್ಘಾಟನೆಯಿರಲಿ, ‘ನೋಟೀಸು’ ಎಂದ ಕೂಡಲೇ ಅಧ್ಯಕ್ಷತೆ, ಉದ್ಘಾಟನೆ, ಶುಭಾಶಂಸನೆ ಎಂದು ಸಾಲುಸಾಲಾಗಿ ಅಚ್ಚಾದ ಆ ಕಾಗದವೇ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಇಲ್ಲಿನ ಮಕ್ಕಳು ಯಾವ ಪ್ರಶ್ನೆ ಬಂದರೂ ಪಟ್ಟಿಯನ್ನೇ ಬರೆದು ಬರುತ್ತಾರೆ. ನಿಮ್ಮ ಅಂಕ ಹೋಗುತ್ತಿರುವುದು ಹೆಚ್ಚಾಗಿ ಇಲ್ಲೇ ಇರಬೇಕು: ಬರೆದದ್ದು ಕಡಿಮೆಯಾಗಿಲ್ಲ, ಕೇಳಿದ ಕಾಗದವೇ ಬೇರೆಯಾಗಿರುತ್ತದೆ.

ಯಾವುದನ್ನು ಕೇಳಿದ್ದಾರೆ ಎಂಬುದು ಪ್ರಶ್ನೆಯಲ್ಲೇ ಇರುತ್ತದೆ. ಬರೆಯುವ ಮೊದಲು ಎರಡು ಕಡೆ ಅಡಿಗೆರೆ ಎಳೆಯಿರಿ. ಮೊದಲನೆಯದು, ನಿಮ್ಮನ್ನು ಯಾರೆಂದು ಭಾವಿಸಿಕೊಳ್ಳಲು ಹೇಳಿದ್ದಾರೆ ಎಂಬುದು. ಎರಡನೆಯದು, ಓದುವವರು ಏನು ಮಾಡಬೇಕು ಎಂಬುದು. ‘ನೀವು ಶಾಲಾ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ. ವಾರ್ಷಿಕೋತ್ಸವದಲ್ಲಿ ಭಾಗವಹಿಸುವವರು ಹೆಸರು ನೀಡುವಂತೆ ತಿಳಿಸಿ’ ಎಂದಿದ್ದರೆ ಓದುವವರು ಹೆಸರು ಕೊಡಬೇಕು. ಅದು ಫಲಕದ ಪ್ರಕಟಣೆ, ಅಲ್ಲಿ ಶಾಸಕರಿಗಾಗಲಿ ವಂದನಾರ್ಪಣೆಗಾಗಲಿ ಕೆಲಸವಿಲ್ಲ. ಪ್ರಶ್ನೆಯ ಜೊತೆಗೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿ ಎಂಬ ಸುಳಿವುಗಳನ್ನು ಕೊಟ್ಟಿದ್ದರೆ ಓದುವವರು ಬಂದು ಕುಳಿತುಕೊಳ್ಳಬೇಕು. ಅದು ಕಾರ್ಯಕ್ರಮದ ನೋಟೀಸು. ಯಾವ ಸುಳಿವೂ ಇಲ್ಲದೆ ‘ವಾರ್ಷಿಕೋತ್ಸವದ ನೋಟೀಸು ತಯಾರಿಸಿರಿ’ ಎಂದಷ್ಟೇ ಇದ್ದರೆ ಕೇರಳ ಪಠ್ಯಕ್ರಮದಲ್ಲಿ ಓದುವ ನೀವು ಕಾರ್ಯಕ್ರಮ ಪಟ್ಟಿಯ ನೋಟೀಸನ್ನೇ ಬರೆಯಿರಿ. ಶಾಲೆಯಲ್ಲಿ ಅಭ್ಯಾಸ ಮಾಡಿಸಿದ್ದೂ ಅದೇ.

ಮೊದಲು ಫಲಕದ ಪ್ರಕಟಣೆ. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯ ಉತ್ತರ ಹೀಗಿರುತ್ತದೆ:

> ಪ್ರಿಯ ವಿದ್ಯಾರ್ಥಿಗಳೇ,
> ನಮ್ಮ ಶಾಲೆಯ ವಾರ್ಷಿಕೋತ್ಸವವು ಬರುವ ಶನಿವಾರ ಬಹಳ ವಿಜೃಂಭಣೆಯಿಂದ ನಡೆಯಲಿದೆ ಎಂದು ತಿಳಿಸಲು ನಾನು ಅತ್ಯಂತ ಸಂತೋಷಪಡುತ್ತೇನೆ. ಅನೇಕ ಗಣ್ಯರು ಬರುತ್ತಾರೆ. ನೀವೆಲ್ಲರೂ ಉತ್ಸಾಹದಿಂದ ಭಾಗವಹಿಸಬೇಕು. ಇಷ್ಟ ಇರುವವರು ಬೇಗನೆ ನನ್ನಲ್ಲಿ ಹೆಸರು ಕೊಡಿ. ಎಲ್ಲರೂ ಬಂದು ಕಾರ್ಯಕ್ರಮವನ್ನು ಚಂದಗಾಣಿಸಿಕೊಡಬೇಕಾಗಿ ವಿನಂತಿ.
> ಇತಿ ನಿಮ್ಮ ವಿಶ್ವಾಸಿ

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವಾಕ್ಯಗಳೂ ಸರಿಯಾಗಿವೆ. ಆದರೂ ಫಲಕದ ಮುಂದೆ ನಿಂತ ಎಂಟನೇ ತರಗತಿಯ ಹುಡುಗಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ‘ಬರುವ ಶನಿವಾರ’ ಎಂದರೆ ಯಾವ ಶನಿವಾರ? ಕಾಗದಕ್ಕೇ ದಿನಾಂಕವಿಲ್ಲ, ನಾಲ್ಕು ದಿನ ಬಿಟ್ಟು ಓದಿದವಳಿಗೆ ಅದು ಇನ್ನೊಂದು ಶನಿವಾರ. ‘ನನ್ನಲ್ಲಿ ಹೆಸರು ಕೊಡಿ’ ಎಂದರೆ ಯಾರಲ್ಲಿ? ಕೆಳಗೆ ಹೆಸರೂ ಇಲ್ಲ, ಹುದ್ದೆಯೂ ಇಲ್ಲ. ‘ಬೇಗನೆ’ ಎಂದರೆ ಎಷ್ಟು ಬೇಗ? ಯಾವುದಕ್ಕೆ ಹೆಸರು ಕೊಡಬೇಕು, ಹಾಡಿಗೋ ನಾಟಕಕ್ಕೋ? ಅವಳ ತರಗತಿಗೆ ಅವಕಾಶ ಇದೆಯೋ ಇಲ್ಲವೋ? ಎಲ್ಲಿ, ಎಷ್ಟು ಹೊತ್ತಿಗೆ? ಸಂತೋಷ, ಉತ್ಸಾಹ, ವಿಜೃಂಭಣೆಗಳಿಗೆ ಜಾಗ ಹೋಗಿ ಬೇಕಾದ ಮಾಹಿತಿ ಹೊರಗೆ ಉಳಿದಿದೆ. ಮೇಲೆ ಪತ್ರದ ಸಂಬೋಧನೆ, ಕೆಳಗೆ ಪತ್ರದ ಮುಕ್ತಾಯ. ಹಾಗಾಗಿ ರೂಪದ ಅಂಕವೂ ಹೋಯಿತು.

ಅದೇ ವಿಷಯವನ್ನು ಸರಿಯಾಗಿ ಬರೆದರೆ:

> ಕಖಗ ಹೈಯರ್ ಸೆಕೆಂಡರಿ ಶಾಲೆ, ಮಂಜೇಶ್ವರ
> ಪ್ರಕಟಣೆ
> ದಿನಾಂಕ: 12-01-2026
> ಶಾಲಾ ವಾರ್ಷಿಕೋತ್ಸವ: ಹೆಸರು ನೋಂದಣಿ
>
> ನಮ್ಮ ಶಾಲೆಯ ವಾರ್ಷಿಕೋತ್ಸವವು 2026 ಫೆಬ್ರವರಿ 7ರಂದು ಶನಿವಾರ ಸಂಜೆ 4 ಗಂಟೆಗೆ ಶಾಲಾ ಮೈದಾನದಲ್ಲಿ ನಡೆಯಲಿದೆ. ನೃತ್ಯ, ನಾಟಕ, ಹಾಡು, ಯಕ್ಷಗಾನಗಳಲ್ಲಿ ಭಾಗವಹಿಸಲು ಇಚ್ಛಿಸುವ 8ರಿಂದ 12ನೇ ತರಗತಿಯ ವಿದ್ಯಾರ್ಥಿಗಳು ಜನವರಿ 16ರ ಒಳಗೆ ತರಗತಿ ಅಧ್ಯಾಪಕರಲ್ಲಿ ಹೆಸರು ನೀಡಬೇಕು. ಆಯ್ಕೆ ಜನವರಿ 19ರಂದು ಅಪರಾಹ್ನ 3.45ಕ್ಕೆ ಶಾಲಾ ಸಭಾಂಗಣದಲ್ಲಿ ನಡೆಯುವುದು. ಹೆಚ್ಚಿನ ಮಾಹಿತಿಗೆ ಕೆಳಗೆ ಸಹಿ ಮಾಡಿದವರನ್ನು ಸಂಪರ್ಕಿಸಿರಿ.
>
> (ಸಹಿ)
> ಚಛಜ
> ಕಾರ್ಯದರ್ಶಿ, ಶಾಲಾ ಸಾಂಸ್ಕೃತಿಕ ಸಂಘ

ಇಡೀ ಬರಹದ ಸುತ್ತ ಸ್ಕೇಲಿನಿಂದ ಒಂದು ಪೆಟ್ಟಿಗೆ ಎಳೆಯಬೇಕು. ಸಹಿ, ಹುದ್ದೆ ಕೂಡ ಪೆಟ್ಟಿಗೆಯ ಒಳಗೇ ಇರಬೇಕು. ಮೊದಲು ಪೆಟ್ಟಿಗೆ ಎಳೆದು ಆಮೇಲೆ ಬರೆಯಲು ಹೋದರೆ ಕೊನೆಯ ಎರಡು ಸಾಲು ಹೊರಗೆ ಬೀಳುತ್ತವೆ. ಬರೆದು ಮುಗಿಸಿ ಗೆರೆ ಎಳೆಯಿರಿ.

ಶಾಲೆಯ ಹೆಸರು ಎಲ್ಲಕ್ಕಿಂತ ಮೇಲೆ ಇರುವುದೇಕೆಂದರೆ, ಆ ಕಾಗದಕ್ಕೆ ಅಧಿಕಾರ ಬರುವುದು ಶಾಲೆಯಿಂದ. ಅದರ ಕೆಳಗೆ ‘ಪ್ರಕಟಣೆ’ ಎಂಬ ಪದ, ಆಮೇಲೆ ಎಡಗಡೆ ದಿನಾಂಕ, ಆಮೇಲೆ ನಡುವೆ ವಿಷಯದ ಶೀರ್ಷಿಕೆ. ಶೀರ್ಷಿಕೆಯನ್ನು ಬರೀ ‘ವಾರ್ಷಿಕೋತ್ಸವ’ ಎಂದು ಬಿಡಬೇಡಿ. ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ಬಗ್ಗೆ ನಾಲ್ಕೈದು ಪ್ರಕಟಣೆ ಬರಬಹುದು: ಹೆಸರು ನೋಂದಣಿಗೆ ಒಂದು, ಸ್ವಯಂಸೇವಕರ ಸಭೆಗೆ ಒಂದು, ಅಂದಿನ ತರಗತಿ ಸಮಯ ಬದಲಾವಣೆಗೆ ಇನ್ನೊಂದು. ಇದು ಯಾವುದು ಎಂದು ಶೀರ್ಷಿಕೆಯಲ್ಲೇ ತಿಳಿಯಬೇಕು.

ಒಳಗಿನ ಬರಹ 44 ಪದ. ನಿಮ್ಮ ಅಣ್ಣ ಹೇಳುವ 50 ಪದದ ಮಿತಿ ಸಿ.ಬಿ.ಎಸ್.ಇ. ಹನ್ನೆರಡನೇ ತರಗತಿಯ ಇಂಗ್ಲಿಷ್ ಪತ್ರಿಕೆಯದು. ಅಲ್ಲಿ ಈ ಪ್ರಶ್ನೆಗೆ 4 ಅಂಕ, ರೂಪಕ್ಕೆ 1, ವಿಷಯಕ್ಕೆ 2, ಭಾಷೆಯ ಶುದ್ಧಿಗೆ 1 ಎಂದು ಹಂಚಿರುತ್ತಾರೆ. ನಿಮ್ಮ ಪತ್ರಿಕೆಗೆ ಆ ಲೆಕ್ಕ ಅನ್ವಯಿಸದು. ಆದರೆ ಅದರಿಂದ ಒಂದು ಪಾಠ ಕಲಿಯಬಹುದು: ಪೆಟ್ಟಿಗೆ ಎಷ್ಟು ಚಂದ ಇದ್ದರೂ ಅದಕ್ಕೆ ಸಿಗುವುದು ಒಂದು ಪಾಲು, ವಿಷಯಕ್ಕೆ ಎರಡು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಪದಗಳಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ. ಆದಕಾರಣ ‘ಈ ಮೂಲಕ ಎಲ್ಲ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಐದು ಪದ ಸುಮ್ಮನೆ ಕಳೆಯುವ ಅಗತ್ಯವೇ ಇಲ್ಲ. ನೇರವಾಗಿ ‘ನಮ್ಮ ಶಾಲೆಯ ವಾರ್ಷಿಕೋತ್ಸವವು’ ಎಂದೇ ಶುರು ಮಾಡಿ.

ದಿನಾಂಕಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮೇಲಿನ ಮಾದರಿಯಲ್ಲಿ ನಾಲ್ಕು ದಿನಾಂಕಗಳಿವೆ: ಪ್ರಕಟಣೆ ಹೊರಟದ್ದು ಜನವರಿ 12, ಹೆಸರು ಕೊಡಲು ಕೊನೆಯ ದಿನ 16, ಆಯ್ಕೆ 19, ಕಾರ್ಯಕ್ರಮ ಫೆಬ್ರವರಿ 7. ಇವು ಒಂದರ ಹಿಂದೆ ಒಂದು ಬರಬೇಕು, ನಡುವಿನ ಅಂತರವೂ ನಂಬುವಂತಿರಬೇಕು. ಹೆಸರು ಕೊಡಲು ನಾಲ್ಕು ದಿನ, ಆಯ್ಕೆಯಾದ ಮೇಲೆ ಅಭ್ಯಾಸಕ್ಕೆ ಹತ್ತೊಂಬತ್ತು ದಿನ. ಕೆಲವರು ಪ್ರಕಟಣೆಗೆ ಪರೀಕ್ಷೆಯ ದಿನದ ದಿನಾಂಕ ಹಾಕಿ ಕಾರ್ಯಕ್ರಮವನ್ನು ಹಿಂದಿನ ತಿಂಗಳಿಗೆ ಬರೆದುಬಿಡುತ್ತಾರೆ. ಇನ್ನು ಕೆಲವರು ಹೆಸರು ಕೊಡಲು ಕೊನೆಯ ದಿನವನ್ನು ವಾರ್ಷಿಕೋತ್ಸವದ ಹಿಂದಿನ ದಿನಕ್ಕೆ ಇಡುತ್ತಾರೆ. ಯಕ್ಷಗಾನಕ್ಕೆ ಒಂದೇ ದಿನದಲ್ಲಿ ಹೆಜ್ಜೆ ಕಲಿಸುವ ಗುರುಗಳು ಎಲ್ಲಿದ್ದಾರೆ?

ವಾರದ ಹೆಸರು ಬರೆದರೆ ತಾಳೆ ನೋಡಿ. 2026ರ ಜನವರಿ 12 ಸೋಮವಾರ. ಅಲ್ಲಿಂದ ಫೆಬ್ರವರಿ 7ಕ್ಕೆ 26 ದಿನ. ಅದರಲ್ಲಿ 21 ದಿನ ಎಂದರೆ ಪೂರ್ತಿ ಮೂರು ವಾರ, ಪುನಃ ಸೋಮವಾರಕ್ಕೇ ಬಂದಿರಿ. ಉಳಿದ ಐದು ದಿನ ಮುಂದೆ ಎಣಿಸಿದರೆ ಶನಿವಾರ. ಪರೀಕ್ಷೆಯ ಗಡಿಬಿಡಿಯಲ್ಲಿ ಲೆಕ್ಕ ಹಾಕಲು ಆಗದಿದ್ದರೆ ವಾರದ ಹೆಸರನ್ನೇ ಬಿಡಿ. ದಿನಾಂಕ ಸರಿ ಇದ್ದರೆ ಸಾಕು, ತಪ್ಪು ವಾರ ಬರೆಯುವುದಕ್ಕಿಂತ ಬರೆಯದಿರುವುದು ಒಳ್ಳೆಯದು. ಸಮಯಕ್ಕೆ ಪೂರ್ವಾಹ್ನ, ಅಪರಾಹ್ನ, ಸಂಜೆ ಇವುಗಳಲ್ಲಿ ಒಂದನ್ನು ಸೇರಿಸಲೇಬೇಕು. ‘9 ಗಂಟೆಗೆ’ ಎಂದಷ್ಟೇ ಬರೆದರೆ ಧ್ವಜಾರೋಹಣಕ್ಕೆ ಬರಬೇಕೋ ರಾತ್ರಿಯ ಆಟಕ್ಕೆ ಬರಬೇಕೋ ತಿಳಿಯದು.

ಪ್ರಕಟಣೆಯಲ್ಲಿ ‘ನಾನು’ ಬರಬಾರದು. ಅದು ಕಾರ್ಯದರ್ಶಿಯ ಮಾತಲ್ಲ, ಸಂಘದ ಮಾತು. ‘ನೀವು’ ಎಂಬುದರ ಬದಲು ‘ವಿದ್ಯಾರ್ಥಿಗಳು’, ‘ಆಸಕ್ತರು’ ಎಂದು ಬರೆಯಿರಿ. ಕೊನೆಯ ಸಾಲಿನಲ್ಲಿ ‘ನನ್ನನ್ನು ಸಂಪರ್ಕಿಸಿ’ ಎಂಬುದು ‘ಕೆಳಗೆ ಸಹಿ ಮಾಡಿದವರನ್ನು ಸಂಪರ್ಕಿಸಿರಿ’ ಎಂದಾಗುವುದು ಇದೇ ಕಾರಣಕ್ಕೆ. ಇನ್ನು ಹೆಸರಿನ ವಿಚಾರ: ಪ್ರಶ್ನೆಯಲ್ಲಿ ಕೊಟ್ಟ ಹೆಸರನ್ನೇ ಬಳಸಿ. ಕೊಡದಿದ್ದರೆ ಕಖಗ, ಚಛಜ ಎಂಬಂಥ ಗುರುತಿಲ್ಲದ ಅಕ್ಷರಗಳು ಸಾಕು. ನಿಮ್ಮ ಸ್ವಂತ ಹೆಸರು, ಸ್ವಂತ ಶಾಲೆಯ ಹೆಸರು ಉತ್ತರಪತ್ರಿಕೆಯ ಒಳಗೆ ಎಲ್ಲೂ ಬರಬಾರದು. ಅದು ಗುರುತು ಬಿಟ್ಟುಕೊಟ್ಟಂತಾಗುತ್ತದೆ. ಪ್ರಶ್ನೆಯಲ್ಲಿ ‘ನಿಮ್ಮ ಶಾಲೆಯ’ ಎಂದು ಇದ್ದರೂ ಹೀಗೆಯೇ.

ಈಗ ಕಾರ್ಯಕ್ರಮದ ನೋಟೀಸು. ಇದಕ್ಕೆ ಪದಮಿತಿ ಬಿಗಿಯಾಗಿರುವುದಿಲ್ಲ. ಮೇಲೆ ನಾಲ್ಕು ಸಾಲಿನ ಆಮಂತ್ರಣ, ಕೆಳಗೆ ಪಟ್ಟಿ.

> ಕಖಗ ಹೈಯರ್ ಸೆಕೆಂಡರಿ ಶಾಲೆ, ಮಂಜೇಶ್ವರ
> ಶಾಲಾ ವಾರ್ಷಿಕೋತ್ಸವ 2025-26
>
> ಮಾನ್ಯರೇ,
> ನಮ್ಮ ಶಾಲೆಯ ವಾರ್ಷಿಕೋತ್ಸವವು 2026 ಫೆಬ್ರವರಿ 7ರಂದು ಶನಿವಾರ ಸಂಜೆ 4 ಗಂಟೆಗೆ ಶಾಲಾ ಮೈದಾನದಲ್ಲಿ ಜರಗಲಿರುವುದು. ಮಾನ್ಯ ಶಾಸಕರು ಸಮಾರಂಭವನ್ನು ಉದ್ಘಾಟಿಸುವರು. ಸಭೆಯ ಬಳಿಕ ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮಗಳು ನಡೆಯಲಿವೆ. ತಮ್ಮೆಲ್ಲರಿಗೂ ಆದರದ ಸ್ವಾಗತ.
>
> ಮಂಜೇಶ್ವರ
> 24-01-2026
> ಪ್ರಾಂಶುಪಾಲರು / ಪಿ.ಟಿ.ಎ. ಅಧ್ಯಕ್ಷರು / ಶಾಲಾ ನಾಯಕಿ
>
> ಕಾರ್ಯಕ್ರಮ
> ಪ್ರಾರ್ಥನೆ: ಶಾಲಾ ವಿದ್ಯಾರ್ಥಿಗಳು
> ಸ್ವಾಗತ: ಪ್ರಾಂಶುಪಾಲರು
> ಅಧ್ಯಕ್ಷತೆ: ಪಿ.ಟಿ.ಎ. ಅಧ್ಯಕ್ಷರು
> ಉದ್ಘಾಟನೆ: ಶಾಸಕರು
> ವರದಿ ವಾಚನ: ಮುಖ್ಯೋಪಾಧ್ಯಾಯರು
> ಮುಖ್ಯ ಅತಿಥಿ ಮತ್ತು ಬಹುಮಾನ ವಿತರಣೆ: ಗ್ರಾಮ ಪಂಚಾಯತ್ ಅಧ್ಯಕ್ಷರು
> ಶುಭಾಶಂಸನೆ: ವಾರ್ಡ್ ಸದಸ್ಯರು, ಮಾತೃಸಂಘದ ಅಧ್ಯಕ್ಷೆ
> ವಂದನಾರ್ಪಣೆ: ಶಾಲಾ ನಾಯಕಿ
> ಸಂಜೆ 6ರಿಂದ: ನೃತ್ಯ, ಹಾಡು, ಕಿರುನಾಟಕ, ಒಪ್ಪನ, ಯಕ್ಷಗಾನ

ಇಲ್ಲಿ ‘ಮಾನ್ಯರೇ’ ಎಂಬ ಸಂಬೋಧನೆ ಬರಬಹುದು, ಯಾಕೆಂದರೆ ಇದು ಕೈಗೆ ಕೊಡುವ ಕಾಗದ. ಫಲಕದ ಪ್ರಕಟಣೆಯಲ್ಲಿ ತಪ್ಪಾದದ್ದು ಇಲ್ಲಿ ಸರಿ. ‘ಜರಗಲಿರುವುದು’, ‘ಉದ್ಘಾಟಿಸುವರು’ ಎಂಬ ನಮ್ಮ ಕಡೆಯ ನೋಟೀಸಿನ ಭಾಷೆಯೂ ಇಲ್ಲಿ ಹೊಂದುತ್ತದೆ.

ಪಟ್ಟಿಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಅಧ್ಯಕ್ಷತೆಯ ಜಾಗದಲ್ಲಿ. ಅಧ್ಯಕ್ಷರೆಂದರೆ ಸಭೆಯನ್ನು ನಡೆಸುವವರು, ಹಾಗಾಗಿ ಉದ್ಘಾಟನೆಗಿಂತ ಮೊದಲೇ ಅವರ ಹೆಸರು ಬರಬೇಕು. ಉದ್ಘಾಟನೆಯನ್ನು ಮೊದಲು ಬರೆದು ಅಧ್ಯಕ್ಷತೆಯನ್ನು ಕೊನೆಯಲ್ಲಿ ಹಾಕಿದರೆ ಯಾರೂ ನಡೆಸದ ಸಭೆಯನ್ನು ಉದ್ಘಾಟಿಸಿದ ಹಾಗಾಗುತ್ತದೆ. ಅಧ್ಯಕ್ಷರ ಭಾಷಣ ಕೊನೆಗೆ ಇರುತ್ತದಲ್ಲ ಎಂದು ನೀವು ಕೇಳಬಹುದು. ಕರ್ನಾಟಕದ ಕೆಲವು ಆಮಂತ್ರಣ ಪತ್ರಿಕೆಗಳಲ್ಲಿ ‘ಅಧ್ಯಕ್ಷೀಯ ಭಾಷಣ’ ಕೊನೆಗೆ ಬರುವುದು ಉಂಟು. ಅದು ಮಾತಿನ ಸರದಿ. ನಮ್ಮಲ್ಲಿ ಅಧ್ಯಕ್ಷರು ಮೊದಲೇ ಮಾತಾಡಿ ಉದ್ಘಾಟಕರನ್ನು ಕರೆಯುವುದು ರೂಢಿ. ಎರಡರಲ್ಲಿ ಒಂದನ್ನು ಹಿಡಿಯಿರಿ. ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸಬೇಡಿ.

ಎರಡನೆಯ ತಪ್ಪು, ಒಬ್ಬರಿಗೇ ಎರಡು ಹೊಣೆ. ಸ್ವಾಗತ ಕೋರಿದವರೇ ಧನ್ಯವಾದ ಹೇಳುವುದು, ಅಧ್ಯಕ್ಷತೆ ವಹಿಸಿದವರೇ ಶುಭಾಶಂಸನೆ ಮಾಡುವುದು ಪಟ್ಟಿಯನ್ನು ದುರ್ಬಲಗೊಳಿಸುತ್ತದೆ. ಮೇಲಿನ ಮಾದರಿಯಲ್ಲಿ ಮುಖ್ಯ ಅತಿಥಿಗೆ ಬಹುಮಾನ ವಿತರಣೆಯನ್ನೂ ಸೇರಿಸಿದ್ದು ಬೇರೆ ಮಾತು. ಅದು ವಾಡಿಕೆ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ವಂದನಾರ್ಪಣೆಯ ನಂತರ ಮತ್ತೊಬ್ಬ ಗಣ್ಯರ ಭಾಷಣ ಇಡುವುದಂತೂ ಬೇಡವೇ ಬೇಡ. ಧನ್ಯವಾದ ಹೇಳಿದ ಮೇಲೆ ಸಭೆ ಮುಗಿಯಿತು, ಮುಂದೆ ಮಕ್ಕಳ ಕಾರ್ಯಕ್ರಮ ಮಾತ್ರ.

ಗಣ್ಯರ ಹೆಸರು ಬರೆಯಬೇಕೋ ಹುದ್ದೆ ಸಾಕೋ ಎಂಬುದಕ್ಕೆ ನನ್ನ ಅಭಿಪ್ರಾಯ, ಪರೀಕ್ಷೆಯಲ್ಲಿ ಹುದ್ದೆಯೇ ಸಾಕು. ಪ್ರಶ್ನೆಯಲ್ಲಿ ಹೆಸರು ಕೊಟ್ಟಿದ್ದರೆ ಅದೇ ಅಕ್ಷರದಲ್ಲಿ ಬರೆಯಿರಿ, ಮುಂದೆ ‘ಶ್ರೀ’ ಅಥವಾ ‘ಶ್ರೀಮತಿ’ ಸೇರಿಸಿ. ಹೆಸರು ಕೊಡದಿದ್ದಾಗ ನಿಜವಾದ ಶಾಸಕರ ಹೆಸರನ್ನು ನೆನಪಿನಿಂದ ಬರೆಯಲು ಹೋಗಿ ಹಿಂದಿನವರ ಹೆಸರು ಬರೆದು ಬರುವುದು ಬೇಡ. ಹಾಗೆಯೇ ಸುಳಿವುಗಳಲ್ಲಿ ಕೊಟ್ಟ ಪ್ರತಿಯೊಂದು ಅಂಶವೂ ಉತ್ತರದಲ್ಲಿ ಬರಬೇಕು. ಬರೆದಾದ ಮೇಲೆ ಪ್ರಶ್ನೆಪತ್ರಿಕೆಯ ಸುಳಿವುಗಳ ಮೇಲೆ ಪೆನ್ಸಿಲಿನಲ್ಲಿ ಒಂದೊಂದೇ ಗುರುತು ಹಾಕುತ್ತ ಹೋಗಿ. ಗುರುತು ಬೀಳದೆ ಉಳಿದದ್ದೇ ಕಳೆದುಕೊಳ್ಳುವ ಅಂಕ. ಕೊಟ್ಟ ಸ್ಥಳ ಸಭಾಂಗಣವಾಗಿದ್ದು ನೀವು ಅಭ್ಯಾಸಬಲದಿಂದ ಮೈದಾನ ಎಂದು ಬರೆದರೆ ಅದೂ ತಪ್ಪೇ.

ಪರೀಕ್ಷೆ ಬಿಟ್ಟು ನಿಮ್ಮ ಶಾಲೆಗೆ ನಿಜವಾಗಿಯೇ ನೋಟೀಸು ಬರೆಯುವ ಕೆಲಸ ಬಂದರೆ ಇನ್ನೂ ಎರಡು ಸಂಗತಿ ಬೇಕಾಗುತ್ತವೆ. ಒಂದು, ಮುಗಿಯುವ ಹೊತ್ತು. ಮಕ್ಕಳನ್ನು ಕರೆದೊಯ್ಯುವ ಹೆತ್ತವರಿಗೆ ಶುರುವಾಗುವ ಸಮಯಕ್ಕಿಂತ ಇದೇ ಮುಖ್ಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದ್ದರಿಂದ ಮೈದಾನದ ಕಾರ್ಯಕ್ರಮಕ್ಕೆ ‘ರಾತ್ರಿ 9.30ಕ್ಕೆ ಮುಕ್ತಾಯ’ ಎಂದು ನೋಟೀಸಿನಲ್ಲೇ ಹಾಕಿಬಿಡುವುದು ಒಳ್ಳೆಯದು. ಸಭೆಯಲ್ಲಿ ಭಾಷಣ ಉದ್ದವಾದರೆ ಕೊನೆಯಲ್ಲಿಟ್ಟ ಯಕ್ಷಗಾನಕ್ಕೇ ಕತ್ತರಿ ಬೀಳುವುದು. ಬಣ್ಣ ಹಚ್ಚಿ ಕುಳಿತ ಮಕ್ಕಳ ಸಲುವಾಗಿ ಅದನ್ನು ಪಟ್ಟಿಯಲ್ಲಿ ಸ್ವಲ್ಪ ಮೇಲೆ ತರಬಹುದು.

ಇನ್ನೊಂದು, ಎರಡು ಭಾಷೆಯ ಪ್ರತಿ. ಕನ್ನಡ, ಮಲಯಾಳ ಎರಡೂ ವಿಭಾಗಗಳಿರುವ ಶಾಲೆಯಲ್ಲಿ ಪ್ರಕಟಣೆಯನ್ನು ಎರಡು ಭಾಷೆಯಲ್ಲೂ ಹಾಕಬೇಕಾಗುತ್ತದೆ. ಒಬ್ಬರು ಕನ್ನಡದ್ದನ್ನು, ಇನ್ನೊಬ್ಬರು ಮಲಯಾಳದ್ದನ್ನು ಬರೆದಾಗ ದಿನಾಂಕ, ಸಮಯ, ಕೊನೆಯ ದಿನ ಈ ಮೂರನ್ನು ಒಬ್ಬರೇ ಕುಳಿತು ಎರಡೂ ಪ್ರತಿಯಲ್ಲಿ ತಾಳೆ ನೋಡಬೇಕು. ದಿನಾಂಕ ಬದಲಾದರೆ ಹಳೆಯ ಕಾಗದದ ಮೇಲೆ ಪೆನ್ನಿನಿಂದ ತಿದ್ದಬೇಡಿ. ಒಂದು ಭಾಷೆಯ ಪ್ರತಿಯಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆತುಬಿಟ್ಟರೆ ಅರ್ಧ ಶಾಲೆ ತಪ್ಪು ದಿನ ಬರುತ್ತದೆ. ಹಳೆಯ ಎರಡನ್ನೂ ತೆಗೆದು, ‘ವಾರ್ಷಿಕೋತ್ಸವ: ದಿನಾಂಕ ಬದಲಾವಣೆ’ ಎಂಬ ಶೀರ್ಷಿಕೆಯಲ್ಲಿ ಹೊಸ ದಿನಾಂಕ ಹಾಕಿದ ಹೊಸ ಪ್ರಕಟಣೆಯನ್ನು ಎರಡೂ ಭಾಷೆಯಲ್ಲಿ ಒಂದೇ ಹೊತ್ತಿಗೆ ಅಂಟಿಸಿ. ಹಿಂದೆ ಹೇಳಿದ್ದ ದಿನ ಯಾವುದು, ಈಗಿನದು ಯಾವುದು ಎಂಬುದು ಮೊದಲ ವಾಕ್ಯದಲ್ಲೇ ಇರಲಿ: ‘ಫೆಬ್ರವರಿ 7ರಂದು ನಡೆಯಬೇಕಿದ್ದ ವಾರ್ಷಿಕೋತ್ಸವವನ್ನು ಫೆಬ್ರವರಿ 14ಕ್ಕೆ ಮುಂದೂಡಲಾಗಿದೆ. ಸಮಯ, ಸ್ಥಳದಲ್ಲಿ ಬದಲಾವಣೆಯಿಲ್ಲ.’ ಕೆಳಗೆ ಮೊದಲು ಸಹಿ ಹಾಕಿದವರದೇ ಸಹಿ ಇರಬೇಕು.